ಫ್ರೆಂಚ್ ಗುಂಪಿಗೆ: ‘ಕೊಡು’, ‘ಕೊಡಬೇಡ’ ಗೊಂದಲ

ಎಲ್ರಿಗೂ ನಮಸ್ಕಾರ, ನಿನ್ನೆ ಹೋಮ್‌ವರ್ಕ್ ನೋಡ್ದೆ, ಅರ್ಧಕ್ಕರ್ಧ ಜನ ಒಂದೇ ಕಡೆ ಎಡವಿದೀರ ಅದಕ್ಕೆ ಇದನ್ನ ಹಾಕ್ತಿದೀನಿ.

ನಮ್ಮಲ್ಲಿ ‘ಅದನ್ನ ನಂಗೆ ಕೊಡು’, ‘ಅದನ್ನ ನಂಗೆ ಕೊಡಬೇಡ’, ಬದಲಾಗೋದು ಕ್ರಿಯಾಪದದ ಬಾಲ ಅಷ್ಟೇ. ಫ್ರೆಂಚಲ್ಲಿ ಸರ್ವನಾಮಗಳೇ ಎದ್ದು ಜಾಗ ಬದಲಾಯಿಸ್ತವೆ. ಕೊಡು ಅಂದ್ರೆ ‘ದೊನ್-ಲ-ಮ್ವಾ’, ಕ್ರಿಯಾಪದ ಮೊದ್ಲು, ಆಮೇಲೆ ‘ಅದನ್ನ’, ಕೊನೇಲಿ ‘ನಂಗೆ’, ಬರೆಯುವಾಗ ಮಧ್ಯೆ ಎರಡೂ ಕಡೆ ಹೈಫನ್ ಬೇಕೇ ಬೇಕು. ಕೊಡಬೇಡ ಅಂದ್ರೆ ‘ನ ಮ ಲ ದೊನ್ ಪಾ’. ಎರಡೂ ಸರ್ವನಾಮ ಕ್ರಿಯಾಪದದ ಹಿಂದಿನಿಂದ ಮುಂದಕ್ಕೆ ಬಂದ್ವು, ‘ನಂಗೆ’ ಈಗ ‘ಅದನ್ನ’ಗಿಂತ ಮೊದ್ಲು, ‘ಮ್ವಾ’ ಹೋಗಿ ‘ಮ’ ಆಯ್ತು, ಹೈಫನ್ ಮಾಯ. ತುಂಬಾ ಜನ ಬರೆದಿರೋ ‘ನ ದೊನ್-ಲ-ಮ್ವಾ ಪಾ’ ತಪ್ಪು, ಆಚೆ ಈಚೆ ‘ನ’, ‘ಪಾ’ ಅಂಟಿಸಿದ್ರೆ ಸಾಲಲ್ಲ.

ಮಜಾ ಏನಂದ್ರೆ ‘ಅವನಿಗೆ’ ಬಂದಾಗ ಈ ಅದಲುಬದಲು ಇಲ್ಲ: ‘ದೊನ್-ಲ-ಲ್ವಿ’, ‘ನ ಲ ಲ್ವಿ ದೊನ್ ಪಾ’, ಎರಡರಲ್ಲೂ ‘ಅದನ್ನ’ ಮೊದ್ಲು. ಕ್ರಿಯಾಪದದ ಆಚೆಯಿಂದ ಈಚೆಗೆ ಬರೋದು ಮಾತ್ರ. ಹಾಗಾಗಿ ಬರೀ ಲ್ವಿ ಹಾಕ್ಕೊಂಡು ಪ್ರಾಕ್ಟೀಸ್ ಮಾಡಿದವ್ರಿಗೆ ತಮ್ಮ ತಪ್ಪು ಗೊತ್ತೇ ಆಗಲ್ಲ, ‘ನಂಗೆ’, ‘ನಮಗೆ’ ಹಾಕಿ ಮಾಡಿ.

ಇನ್ನೊಂದು, ಫ್ರೆಂಚ್ ಜನ ಮಾತಾಡುವಾಗ ‘ನ’ ನುಂಗಿ ‘ಮ ಲ ದೊನ್ ಪಾ’ ಅಂತಾರೆ, ‘ದೊನ್-ಮ್ವಾ-ಲ’ ಕೂಡ ಕಿವಿಗೆ ಬೀಳುತ್ತೆ. ಕೇಳಿದ್ರೆ ಅರ್ಥ ಮಾಡ್ಕೊಳ್ಳಿ, ಪರೀಕ್ಷೇಲಿ ಬರೀಬೇಡಿ. ಶನಿವಾರದೊಳಗೆ ‘ತೋರಿಸು’, ‘ಹೇಳು’ ಎರಡಕ್ಕೂ ಹೀಗೇ ಜೋಡಿ ಬರೆದು ಇಲ್ಲಿ ಹಾಕಿ, ನೋಡ್ತೀನಿ.