ಏಡಿಯ ನೋವೂ ನೋವೇ ಅಲ್ವಾ?

ಮಾನ್ಯರೇ,

ನಮ್ಮ ಕರುಣೆ ಮನೆಯವರಿಂದ ಅಪರಿಚಿತರಿಗೆ, ಅಲ್ಲಿಂದ ನಾಯಿ, ಹಸುಗಳಿಗೆ ಹಬ್ಬಿದೆ. ಆದರೆ ಏಡಿಯ ಹತ್ತಿರ ಬಂದು ನಿಂತುಬಿಡುತ್ತದೆ. ಅದು ಕೂಗುವುದಿಲ್ಲ, ಮುಖದಲ್ಲಿ ಏನೂ ಕಾಣುವುದಿಲ್ಲ. ಹಾಗಾಗಿ ನೋವೇ ಇಲ್ಲ ಎಂದುಕೊಳ್ಳುತ್ತೇವೆ.

ವಿಜ್ಞಾನಿಗಳು ಏಡಿಗಳ ಮುಂದೆ ಎರಡು ಕತ್ತಲ ಗೂಡುಗಳನ್ನಿಟ್ಟು, ಒಂದರಲ್ಲಿ ಮಾತ್ರ ಸಣ್ಣ ವಿದ್ಯುತ್ ಶಾಕ್ ಕೊಟ್ಟರು. ಕೆಲವೇ ಸಲಕ್ಕೆ ಹೆಚ್ಚಿನವು ಆ ಗೂಡನ್ನು ಬಿಟ್ಟು ಇನ್ನೊಂದಕ್ಕೆ ಹೋದವು. ಸುಮ್ನೆ ಬೆಚ್ಚಿಬೀಳುವ ಜೀವಿ ಹೀಗೆ ನೆನಪಿಟ್ಟು ಆರಿಸಿಕೊಳ್ಳುವುದಿಲ್ಲ.

ಇಂಥ ಪುರಾವೆಗಳನ್ನು ನೋಡಿಯೇ ಬ್ರಿಟನ್ 2022ರ ಕಾಯ್ದೆಯಲ್ಲಿ ಏಡಿ, ಸಿಗಡಿ, ಆಕ್ಟೋಪಸ್‌ಗಳನ್ನು ಸಂವೇದನೆಯುಳ್ಳ ಜೀವಿಗಳೆಂದು ಒಪ್ಪಿತು. ಆದರೆ ಆ ಕಾಯ್ದೆ ಸರ್ಕಾರದ ನೀತಿಗಷ್ಟೇ ಸಂಬಂಧಿಸಿದ್ದು, ಅಡುಗೆಮನೆಯನ್ನು ಮುಟ್ಟುವುದಿಲ್ಲ.

ಜೀವಂತ ಏಡಿಯನ್ನು ಕುದಿಯುವ ನೀರಿಗೆ ಹಾಕುವುದನ್ನು ಎಲ್ಲೆಡೆ ನಿಷೇಧಿಸಿ, ಮೊದಲು ಪ್ರಜ್ಞೆ ತಪ್ಪಿಸುವುದನ್ನು ಹೋಟೆಲುಗಳಿಗೆ ಕಡ್ಡಾಯ ಮಾಡಬೇಕು.

– ಒಬ್ಬ ಓದುಗ