ಮಡಕೆ ನೀರಿನ ಪ್ರಯೋಗದ ಕುರಿತು ಪೋಷಕರಿಗೆ

ಪ್ರೀತಿಯ ಪೋಷಕರೇ,

ನಮಸ್ಕಾರ. ಏಳನೇ ತರಗತಿಯ ಕೆಲವು ಮಕ್ಕಳು ಮನೆಯಲ್ಲಿ ಹಳೆಯ ಮಡಕೆ, ಅಡುಗೆಮನೆಯ ತಕ್ಕಡಿ ಕೇಳುತ್ತಿದ್ದಾರೆಂದು ನಿಮ್ಮಲ್ಲಿ ಹಲವರು ಫೋನ್ ಮಾಡಿದ್ದೀರಿ. ಅದಕ್ಕೇ ಈ ಪತ್ರ.

ಪಾಠ ಬೇಗ ಮುಗಿಸಿ ಸುಮ್ಮನೆ ಕೂರುವ ಮಕ್ಕಳಿಗೆ ಹಿಂದೆ ಇನ್ನೂ ಹತ್ತು ಲೆಕ್ಕ ಕೊಡುತ್ತಿದ್ದೆವು. ಬೇಗ ಮುಗಿಸಿದ್ದಕ್ಕೆ ಅದೊಂದು ದಂಡವೇ ಆಗಿತ್ತು. ಈ ಸಲ ಆವಿಯಾಗುವಿಕೆಯ ಪಾಠದಲ್ಲಿ ಇಡೀ ತರಗತಿ ಸ್ಟೀಲ್ ಪಾತ್ರೆಯ ಮತ್ತು ಮಡಕೆಯ ನೀರಿನ ಉಷ್ಣತೆ ಅಳೆಯಿತು. ಅದು ಮುಗಿದವರಿಗೆ ಶಿಕ್ಷಕಿ ಒಂದೇ ಪ್ರಶ್ನೆ ಬರೆದರು: ಮಡಕೆ ನೀರು ಎಷ್ಟು ತಣ್ಣಗಾಗಬಲ್ಲದು? ವಿಧಾನ ಕೊಡಲಿಲ್ಲ. ಷರತ್ತು ಎರಡೇ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಏನಾಗಬಹುದೆಂದು ಮೊದಲೇ ಬರೆದಿಡಬೇಕು.

ಒಂದು ಗುಂಪು ಒಂದು ಲೀಟರ್ ನೀರು ತುಂಬಿದ ಮಡಕೆಯನ್ನು ಮೂರು ಗಂಟೆ ನೆರಳಲ್ಲಿಟ್ಟು ತೂಗಿತು. 30 ಗ್ರಾಂ ಕಡಿಮೆಯಾಗಿತ್ತು. ಒಂದು ಗ್ರಾಂ ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕೆಂದು ಶಿಕ್ಷಕಿ ತಿಳಿಸಿದರು. ಮಕ್ಕಳು ಲೆಕ್ಕ ಹಾಕಿದರೆ ನೀರು 17 ಡಿಗ್ರಿ ಇಳಿಯಬೇಕಿತ್ತು. ಥರ್ಮಾಮೀಟರ್ ತೋರಿಸಿದ್ದು 31ರಿಂದ 26, ಅಂದರೆ ಐದೇ ಡಿಗ್ರಿ. ಉಳಿದ ತಂಪು ಎಲ್ಲಿಗೆ ಹೋಯಿತು?

ಶಿಕ್ಷಕಿ ಉತ್ತರ ಹೇಳಲಿಲ್ಲ. ಮೊದಲು ತಕ್ಕಡಿಯ ಮೇಲೆ ಅನುಮಾನ ಬಂತು. ಆಮೇಲೆ ಒಬ್ಬಳು ಮಡಕೆ ಎತ್ತಿ ನೋಡಿದಳು, ಮೇಜು ಒದ್ದೆ! ಸೋರಿದ ನೀರನ್ನೂ ಆವಿಯಾಯಿತೆಂದು ಎಣಿಸಿಬಿಟ್ಟಿದ್ದರು. ಮಾರನೇ ದಿನ ತಟ್ಟೆಯ ಸಮೇತ ತೂಗಿದರು. ಅಂತರ ಕಡಿಮೆಯಾಯಿತು, ಹೋಗಲಿಲ್ಲ. ಸುತ್ತಲಿನ ಬೆಚ್ಚನೆ ಗಾಳಿ ಮಡಕೆಗೆ ಶಾಖ ಕೊಡುತ್ತಲೇ ಇರುತ್ತದೆಂಬ ಮಾತು ಅಲ್ಲಿಂದ ಶುರುವಾಯಿತು. ಇನ್ನೊಂದು ಗುಂಪು ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿ ಬೀಸಿ 23 ಡಿಗ್ರಿ ಕಂಡಿದೆ. ಆವಿಯಾಗುವಿಕೆಯಿಂದ ಸಿಗುವ ತಂಪಿನ ಮಿತಿ ಅದೇ, ಹಾಗಾಗಿ ಆ ದಿನ ಆ ಗಾಳಿಯಲ್ಲಿ ಮಡಕೆ ನೀರು ಅದಕ್ಕಿಂತ ಕೆಳಗೆ ಇಳಿಯಲಾರದು. ಮಂಗಳೂರಿನ ಅಜ್ಜಿಮನೆಯಲ್ಲಿ ಮಡಕೆ ನೀರು ಇಷ್ಟು ತಂಪಿರುವುದಿಲ್ಲ, ಯಾಕೆ ಎಂದು ಒಬ್ಬ ಕೇಳಿದ್ದಾನೆ. ಅವನ ಪ್ರಶ್ನೆ ಈಗ ಗೋಡೆಯ ಮೇಲಿದೆ.

ಈ ಕೆಲಸಕ್ಕೆ ಮಕ್ಕಳನ್ನು ಆರಿಸಿ ಬೇರೆ ಕೂರಿಸಿಲ್ಲ. ಪಾಠದ ಕೆಲಸ ಮುಗಿಸಿದ ಯಾರಾದರೂ ಸೇರಬಹುದು, ಅದೇ ಪೀರಿಯಡ್‌ನಲ್ಲಿ. ಅಂಕ ಇಲ್ಲ. ನೋಟ್‌ಬುಕ್ಕಿನಲ್ಲಿ ತಪ್ಪಿದ ಊಹೆಯನ್ನು ಅಳಿಸಬಾರದು ಎಂದಷ್ಟೇ ಹೇಳಿದ್ದೇವೆ.

ನಿಮ್ಮಲ್ಲಿ ಕೋರಿಕೆ ಎರಡು. ಹೊಸ ಮಡಕೆ ಕೊಳ್ಳಬೇಡಿ; ಹಳೆಯದಿದ್ದರೆ ಕೊಡಿ, ಬಿರುಕಿದ್ದರೆ ಬೇಡ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗದು, ಶಾಲೆಯದೇ ಸಾಕು. ಮತ್ತೆ, ಮೊಬೈಲಿನಲ್ಲಿ ಉತ್ತರ ಹುಡುಕಿ ಹೇಳಿಬಿಡಬೇಡಿ. ಮಗು ಕೇಳಿದರೆ “ನಿನ್ನ ಊಹೆ ಏನು?” ಅನ್ನಿ. ಶನಿವಾರ ಶಾಲೆ ಬಿಟ್ಟ ಮೇಲೆ ಮಡಕೆಗಳು ವರಾಂಡದಲ್ಲೇ ಇರುತ್ತವೆ, ಬಂದು ನೋಡಬಹುದು.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ