ಪತ್ರಹರಿತ್ತಿನಲ್ಲಿ ಕ್ಲೋರಿನ್ ಇಲ್ಲ

ಮಂಡ್ಯ

ಒಂಬತ್ತು ಮತ್ತು ಹತ್ತನೇ ತರಗತಿ ಮಕ್ಕಳ ತಂದೆ-ತಾಯಿಯರಿಗೆ ನಮಸ್ಕಾರ.

ಕಳೆದ ವಾರ ವಿಜ್ಞಾನದ ಕಿರುಪರೀಕ್ಷೆಯ ಪತ್ರಿಕೆ ತಿದ್ದುವಾಗ ಒಂದು ಉತ್ತರದ ಮುಂದೆ ನನ್ನ ಪೆನ್ನು ನಿಂತುಬಿಟ್ಟಿತು. ‘ಕ್ಲೋರೋಫಿಲ್ ಎಂದರೆ ಎಲೆಯಲ್ಲಿರುವ ಕ್ಲೋರಿನ್’ ಎಂದು ಬರೆದಿತ್ತು. ಉತ್ತರ ತಪ್ಪು. ಆದರೆ ಆ ಹುಡುಗಿ ಉರು ಹೊಡೆದು ಬರೆದವಳಲ್ಲ, ಪದವನ್ನು ಬಿಡಿಸಿ ನೋಡಿದ್ದಾಳೆ. ‘ಫಿಲ್’ ಅಂದರೆ ಎಲೆ ಎಂಬುದನ್ನು ಸರಿಯಾಗಿಯೇ ಹಿಡಿದಿದ್ದಾಳೆ. ಎಡವಿದ್ದು ‘ಕ್ಲೋರೋ’ದಲ್ಲಿ ಮಾತ್ರ.

ವಿಜ್ಞಾನದ ಪದಗಳನ್ನು ಹೀಗೆ ಗ್ರೀಕ್, ಲ್ಯಾಟಿನ್ ತುಂಡುಗಳಾಗಿ ಬಿಡಿಸುವುದನ್ನು ತರಗತಿಯಲ್ಲಿ ಕಲಿಸುತ್ತಿದ್ದೇನೆ. ‘ಇಂಗ್ಲಿಷೇ ಸರಿಯಾಗಿ ಬರಲ್ಲ, ಗ್ರೀಕ್ ಯಾಕೆ ಮೇಡಂ?’ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಮುಂದೆ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡ ಮಕ್ಕಳಿಗೆ ಪುಸ್ತಕ ಪೂರ್ತಿ ಇಂಗ್ಲಿಷಿನಲ್ಲಿರುತ್ತದೆ. ಅಲ್ಲಿ ಬರುವ ಉದ್ದುದ್ದ ಪದಗಳು ಹೆಚ್ಚಾಗಿ ಗ್ರೀಕ್, ಲ್ಯಾಟಿನ್ ತುಂಡುಗಳನ್ನು ಜೋಡಿಸಿ ಮಾಡಿದವು. ನಮ್ಮ ಮಕ್ಕಳ ಕೈಯಲ್ಲಿ ಇದಕ್ಕೊಂದು ಕೀಲಿಕೈ ಆಗಲೇ ಇದೆ: ಕನ್ನಡ ಪಠ್ಯಪುಸ್ತಕ.

ಫೋಟೋಸಿಂಥೆಸಿಸ್ ಪದವನ್ನೇ ನೋಡಿ. ‘ಫೋಟೋ’ ಬೆಳಕು, ‘ಸಿನ್’ ಒಟ್ಟಿಗೆ, ‘ಥೆಸಿಸ್’ ಇಡುವುದು. ಕನ್ನಡದಲ್ಲಿ ದ್ಯುತಿ, ಸಂ, ಶ್ಲೇಷಣೆ. ತುಂಡಿಗೆ ತುಂಡು ಕೂತಿದೆ! ಬೆಳಕಿನ ಬಲದಿಂದ ನೀರನ್ನೂ ಇಂಗಾಲದ ಡೈಆಕ್ಸೈಡನ್ನೂ ಕೂಡಿಸಿ ಎಲೆ ಸಕ್ಕರೆ ಮಾಡುವ ಕೆಲಸ ಆ ಹೆಸರಿನೊಳಗೇ ಇದೆ. ಇದಾದ ಮೇಲೆ ಮಕ್ಕಳು ಎಂದೂ ಕಾಣದ ‘ಫೋಟೋಲಿಸಿಸ್’ ಎಂಬ ಪದವನ್ನು ಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎಲೆಕ್ಟ್ರಾಲಿಸಿಸ್ ನೆನಪು ಮಾಡಿಕೊಂಡು, ‘ಕರೆಂಟಿನಿಂದ ಒಡೆದ ಹಾಗೆ ಬೆಳಕಿನಿಂದ ಒಡೆಯೋದಾ ಮಿಸ್?’ ಎಂದ. ಹೌದು, ‘ಲಿಸಿಸ್’ ಎಂದರೆ ಬಿಡಿಸುವುದು. ಎಲೆಯೊಳಗೆ ನೀರು ಹಾಗೆಯೇ ಒಡೆದು ಆಮ್ಲಜನಕ ಹೊರಬರುತ್ತದೆ.

ಈಗ ಆ ಹುಡುಗಿಯ ತಪ್ಪಿಗೆ ಬರುತ್ತೇನೆ. ‘ಕ್ಲೋರೋಸ್’ ಎಂದರೆ ಗ್ರೀಕಿನಲ್ಲಿ ತಿಳಿಹಸಿರು, ಹಳದಿ ಬೆರೆತ ಹಸಿರು. ಆ ಬಣ್ಣದ ಅನಿಲಕ್ಕೆ 1810ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ ಕ್ಲೋರಿನ್ ಎಂದು ಹೆಸರಿಟ್ಟ. ಎಲೆಯ ಹಸಿರಿಗೂ ಅದೇ ಬಣ್ಣದಿಂದ ಹೆಸರು ಬಂತು. ಎರಡಕ್ಕೂ ಇರುವ ನಂಟು ಬಣ್ಣದ್ದು, ಒಳಗಿನ ವಸ್ತುವಿನದಲ್ಲ. ಕ್ಲೋರೋಫಿಲ್ಲಿನ ನಡುವೆ ಇರುವುದು ಮೆಗ್ನೀಸಿಯಂ, ಕ್ಲೋರಿನ್ ಅಲ್ಲಿ ಇಲ್ಲವೇ ಇಲ್ಲ. ಕನ್ನಡದ ‘ಪತ್ರಹರಿತ್ತು’ ಪಕ್ಕದಲ್ಲಿ ಬರೆದುಕೊಂಡಿದ್ದರೆ ಈ ತಪ್ಪು ಆಗುತ್ತಿರಲಿಲ್ಲ: ಪತ್ರ ಎಲೆ, ಹರಿತ್ ಹಸಿರು.

ಕಬ್ಬು ಬೆಳೆಯುವವರು ‘ಕ್ಲೋರೋ’ ಎಂಬ ಇದೇ ಪದದ ಬೇರನ್ನು ಗದ್ದೆಯಲ್ಲೂ ಕಂಡಿರುತ್ತೀರಿ. ಸುಣ್ಣ ಹೆಚ್ಚಿರುವ ಮಣ್ಣಿನಲ್ಲಿ ಕಬ್ಬಿನ ಹೊಸ ಎಲೆಗಳು ಬಿಳುಚಿಕೊಂಡು, ನರ ಮಾತ್ರ ಹಸಿರಾಗಿ ಉಳಿದರೆ ಕೃಷಿ ಇಲಾಖೆಯವರು ‘ಐರನ್ ಕ್ಲೋರೋಸಿಸ್’ ಎನ್ನುತ್ತಾರೆ. ಕೊನೆಯ ‘ಓಸಿಸ್’ ಒಂದು ಸ್ಥಿತಿಯನ್ನು, ಬಹಳ ಸಲ ಕಾಯಿಲೆಯನ್ನು ಹೇಳುತ್ತದೆ. ಕಬ್ಬಿಣ ಸಾಲದೆ ಹಸಿರು ಮಾಸಿ, ಎಲೆ ತಿಳಿಹಳದಿಗೆ ತಿರುಗುವ ಸ್ಥಿತಿ ಅದು. ಅದಕ್ಕೆ ಸಿಂಪಡಿಸುವ ಅನ್ನಭೇದಿಯ ಇಂಗ್ಲಿಷ್ ಹೆಸರು ಫೆರಸ್ ಸಲ್ಫೇಟ್. ‘ಫೆರ್ರಮ್’ ಲ್ಯಾಟಿನಿನಲ್ಲಿ ಕಬ್ಬಿಣ. ಕಬ್ಬಿಣದ ಸಂಕೇತ Fe ಯಾಕೆ ಎಂದು ಮಕ್ಕಳು ಕೇಳುತ್ತಲೇ ಇರುತ್ತಾರೆ, ಉತ್ತರ ಇದೇ.

ಒಂದು ಎಚ್ಚರಿಕೆಯನ್ನೂ ಮಕ್ಕಳಿಗೆ ಹೇಳಿದ್ದೇನೆ. ಬೇರು ಹೇಳುವುದು ಹೆಸರಿಟ್ಟವರು ಏನು ಅಂದುಕೊಂಡಿದ್ದರು ಎಂಬುದನ್ನು. ಒಂದು ಅನಿಲ ಎಲ್ಲ ಆಮ್ಲಗಳಲ್ಲೂ ಇದೆ ಎಂದು ನಂಬಿ ಫ್ರೆಂಚ್ ವಿಜ್ಞಾನಿ ಲವಾಸಿಯೆ ಅದಕ್ಕೆ ‘ಆಕ್ಸಿಜನ್’ ಎಂದು ಹೆಸರಿಟ್ಟ, ಎಂದರೆ ಆಮ್ಲವನ್ನು ಹುಟ್ಟಿಸುವುದು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲ ಎಂದು ಆಮೇಲೆ ಗೊತ್ತಾಯಿತು. ಹೆಸರು ಬದಲಾಗಲಿಲ್ಲ. ನಾವು ಅದನ್ನು ‘ಆಮ್ಲಜನಕ’ ಎಂದು ಕನ್ನಡಕ್ಕೆ ತಂದಾಗ ಆ ತಪ್ಪು ನಂಬಿಕೆಯೂ ಜೊತೆಗೆ ಬಂತು. ಆದ್ದರಿಂದ ಬೇರಿನಿಂದ ಊಹಿಸಿದ ಅರ್ಥವನ್ನು ಪಾಠದ ವಾಕ್ಯಕ್ಕೆ ಹೊಂದಿಸಿ ನೋಡದೆ ಉತ್ತರ ಬರೆಯಬಾರದು.

ನಿಮ್ಮಿಂದ ನಾನು ಕೇಳುವುದು ಇಷ್ಟು. ಮಕ್ಕಳ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ದಿನಕ್ಕೊಂದು ಪದ ಇರುತ್ತದೆ. ಮೇಲೆ ಇಂಗ್ಲಿಷ್ ಪದ, ಕೆಳಗೆ ಅದರ ತುಂಡುಗಳು, ಅದರ ಕೆಳಗೆ ಕನ್ನಡ ಪದ, ಕೊನೆಯಲ್ಲಿ ಪಾಠದ ಒಂದು ವಾಕ್ಯ. ರಾತ್ರಿ ಊಟವಾದ ಮೇಲೆ ಐದು ನಿಮಿಷ ಕೂತು, ‘ಈ ತುಂಡು ಬೇರೆ ಯಾವ ಪದದಲ್ಲಿ ಬರುತ್ತದೆ?’ ಎಂದು ಕೇಳಿ. ಉತ್ತರ ನಿಮಗೆ ಗೊತ್ತಿರಬೇಕಿಲ್ಲ. ಮುಂದಿನ ಪೋಷಕರ ಸಭೆಗೆ ಬರುವಾಗ ಗೊಬ್ಬರದ ಚೀಲದಿಂದಲೋ ಔಷಧಿಯ ಡಬ್ಬಿಯಿಂದಲೋ ಅರ್ಥವಾಗದ ಒಂದು ಹೆಸರನ್ನು ಚೀಟಿಯಲ್ಲಿ ಬರೆದು ತನ್ನಿ. ಮಕ್ಕಳು ನಿಮ್ಮ ಎದುರಿಗೇ ಬಿಡಿಸುತ್ತಾರೆ.

ಇಂತಿ,
ಮುಖ್ಯೋಪಾಧ್ಯಾಯಿನಿ